ಬುಕ್ಸ್ ಸವಕಳಿ, ಐಟಿ ಸವಕಳಿ: ಎರಡರ ನಡುವಿನ ಡೆಫರ್ಡ್ ಟ್ಯಾಕ್ಸ್ ಲೆಕ್ಕ ಹಾಕುವುದು ಹೇಗೆ

ಪೀಣ್ಯದಲ್ಲಿ ಒಂದು ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿ ಇದೆ ಅಂದುಕೊಳ್ಳಿ. ಮೆಷಿನ್ ಬಿಡಿಭಾಗ ತಯಾರಿಸುವುದು ಅದರ ಕೆಲಸ. 2022ರ ಏಪ್ರಿಲ್ 1ರಂದು ಅಲ್ಲಿ 60 ಲಕ್ಷ ರೂಪಾಯಿಯ ಹೊಸ ಸಿಎನ್‌ಸಿ ಮೆಷಿನ್ ಓಡಲು ಶುರುವಾಯಿತು. 2023ರ ಜನವರಿ 1ಕ್ಕೆ ಆಫೀಸಿಗೆ 6 ಲಕ್ಷದ ಕಂಪ್ಯೂಟರ್‌ಗಳು ಬಂದವು. ಕಂಪನಿಯ ಆಸ್ತಿ ಇಷ್ಟೇ. ಈ ಎರಡನ್ನೇ ಇಟ್ಟುಕೊಂಡು ನಾಲ್ಕು ವರ್ಷದ ಡೆಫರ್ಡ್ ಟ್ಯಾಕ್ಸ್ ಲೆಕ್ಕವನ್ನು ಮೊದಲಿನಿಂದ ಕೊನೆಯವರೆಗೆ ಮಾಡೋಣ. ಪೆನ್ನು, ಕ್ಯಾಲ್ಕುಲೇಟರ್ ಪಕ್ಕದಲ್ಲಿದ್ದರೆ ಒಳ್ಳೆಯದು.

ಕಂಪನಿ ಆದಾಯ ತೆರಿಗೆ ಕಾಯ್ದೆ 1961ರ ಸೆಕ್ಷನ್ 115ಬಿಎಎ ಆರಿಸಿಕೊಂಡಿದೆ. ಅಲ್ಲಿ ತೆರಿಗೆ ಶೇ 22, ಅದರ ಮೇಲೆ ಶೇ 10 ಸರ್‌ಚಾರ್ಜ್, ಒಟ್ಟಿನ ಮೇಲೆ ಶೇ 4 ಸೆಸ್. ಎಲ್ಲ ಸೇರಿ ಶೇ 25.168. ಲೆಕ್ಕಪತ್ರಕ್ಕೆ ಇಂಡ್ ಎಎಸ್ ಅನ್ವಯಿಸುವುದಿಲ್ಲ, ಎಎಸ್ 22 ಅನ್ವಯಿಸುತ್ತದೆ. ನಮ್ಮ ಸಣ್ಣ, ಮಧ್ಯಮ ಕಂಪನಿಗಳಲ್ಲಿ ಹೆಚ್ಚಿನವುಗಳ ಸ್ಥಿತಿ ಇದೇ.

ವ್ಯತ್ಯಾಸ ಬರುವುದೇ ಏಕೆ

ಒಂದೇ ಮೆಷಿನ್‌ಗೆ ಎರಡು ಕಾಯ್ದೆಗಳು ಎರಡು ರೀತಿ ಸವಕಳಿ ಕೇಳುತ್ತವೆ. ಕಂಪನಿ ಕಾಯ್ದೆ 2013ರ ಷೆಡ್ಯೂಲ್ 2 ಆಸ್ತಿಯ ಬಾಳಿಕೆ ನೋಡುತ್ತದೆ. ಸಾಮಾನ್ಯ ಮೆಷಿನ್‌ಗೆ 15 ವರ್ಷ, ಡೆಸ್ಕ್‌ಟಾಪ್ ಲ್ಯಾಪ್‌ಟಾಪ್‌ಗಳಿಗೆ 3 ವರ್ಷ. ಕೊನೆಗೆ ಉಳಿಯುವ ಗುಜರಿ ಬೆಲೆ ಸಾಮಾನ್ಯವಾಗಿ ಶೇ 5ರ ಒಳಗೆ. ಆದಾಯ ತೆರಿಗೆಗೆ ಬಾಳಿಕೆ ಬೇಕಿಲ್ಲ. ಅದು ಒಂದೇ ದರದ, ಒಂದೇ ಜಾತಿಯ ಆಸ್ತಿಗಳನ್ನೆಲ್ಲ ಒಂದು ಬ್ಲಾಕ್‌ಗೆ ಹಾಕಿ, ಉಳಿದ ಬಾಕಿ ಬೆಲೆಯ ಮೇಲೆ ಪ್ರತಿ ವರ್ಷ ದರ ಹಾಕುತ್ತದೆ. ಮೆಷಿನ್‌ಗೆ ಶೇ 15, ಕಂಪ್ಯೂಟರ್‌ಗೆ ಶೇ 40. ಕೊಂಡ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅರ್ಧ ದರ ಮಾತ್ರ.

ಐಟಿಯಲ್ಲಿ ಮೊದಲ ವರ್ಷಗಳಲ್ಲಿ ಸವಕಳಿ ಜಾಸ್ತಿ ಸಿಕ್ಕರೆ ಈಗ ತೆರಿಗೆ ಕಡಿಮೆ ಕಟ್ಟುತ್ತೀರಿ. ಆದರೆ ಆ ಸವಕಳಿ ಖರ್ಚಾಗಿ ಹೋಯಿತು, ಮುಂದೆ ಸಿಗುವುದಿಲ್ಲ. ಮುಂದೆ ಆ ತೆರಿಗೆ ಕಟ್ಟಲೇಬೇಕು. ಹೀಗೆ ಮುಂದಕ್ಕೆ ಹೋದ ತೆರಿಗೆಯೇ ಡೆಫರ್ಡ್ ಟ್ಯಾಕ್ಸ್ ಲಯಬಿಲಿಟಿ, ಆಫೀಸಿನ ಮಾತಲ್ಲಿ ಡಿಟಿಎಲ್. ಬುಕ್ಸ್‌ನಲ್ಲೇ ಸವಕಳಿ ಜಾಸ್ತಿ ಆಗಿದ್ದರೆ ಉಲ್ಟಾ. ಈಗ ಜಾಸ್ತಿ ತೆರಿಗೆ ಕಟ್ಟಿದ್ದೀರಿ, ಮುಂದೆ ಅದರ ಲಾಭ ಸಿಗುತ್ತದೆ. ಅದು ಡೆಫರ್ಡ್ ಟ್ಯಾಕ್ಸ್ ಅಸೆಟ್, ಅಂದರೆ ಡಿಟಿಎ.

ಯಾವುದು ಯಾವಾಗ ಅನ್ನುವ ಗೊಂದಲ ಎಲ್ಲರಿಗೂ ಇದೆ. ನಾನು ಇಟ್ಟುಕೊಂಡಿರುವ ಗುರುತು ಇದು. ಬುಕ್ಸ್‌ನ ಬಾಕಿ ಬೆಲೆ ಐಟಿಯ ಬಾಕಿ ಬೆಲೆಗಿಂತ ದೊಡ್ಡದಿದ್ದರೆ ಡಿಟಿಎಲ್. ಚಿಕ್ಕದಿದ್ದರೆ ಡಿಟಿಎ. ಸವಕಳಿಯ ಮೊತ್ತ ನೋಡಬೇಡಿ, ಬಾಕಿ ಬೆಲೆ ನೋಡಿ. ಆ ವರ್ಷ ಯಾವ ಸವಕಳಿ ಜಾಸ್ತಿ ಅನ್ನುವುದು ಆ ವರ್ಷದ ಏರಿಳಿತ ಮಾತ್ರ ಹೇಳುತ್ತದೆ. ಬ್ಯಾಲೆನ್ಸ್ ಶೀಟ್‌ನಲ್ಲಿ ಏನು ನಿಲ್ಲಬೇಕು ಅನ್ನುವುದನ್ನು ಬಾಕಿ ಬೆಲೆ ಹೇಳುತ್ತದೆ.

ಹಂತ 1: ಬುಕ್ಸ್ ಲೆಕ್ಕ

ಮೆಷಿನ್‌ಗೆ ಸ್ಟ್ರೈಟ್ ಲೈನ್ ವಿಧಾನ ಹಿಡಿಯೋಣ. 60 ಲಕ್ಷದಲ್ಲಿ ಶೇ 5, ಅಂದರೆ 3 ಲಕ್ಷ ಗುಜರಿ ಬೆಲೆ. ಉಳಿದ 57 ಲಕ್ಷವನ್ನು 15 ವರ್ಷಕ್ಕೆ ಹಂಚಿದರೆ ವರ್ಷಕ್ಕೆ 3,80,000.

ಕಂಪ್ಯೂಟರ್ 6 ಲಕ್ಷಕ್ಕೆ ಗುಜರಿ ಬೆಲೆ 30,000. ಉಳಿದ 5,70,000ವನ್ನು 3 ವರ್ಷಕ್ಕೆ ಹಂಚಿದರೆ ವರ್ಷಕ್ಕೆ 1,90,000. ಆದರೆ 2022-23ರಲ್ಲಿ ಬಳಸಿದ್ದು ಮೂರೇ ತಿಂಗಳು. ಹಾಗಾಗಿ ಆ ವರ್ಷ 47,500 ಮಾತ್ರ. ಬುಕ್ಸ್‌ನಲ್ಲಿ 180 ದಿನದ ನಿಯಮ ಇಲ್ಲ, ಬಳಸಿದ ಕಾಲಕ್ಕೆ ತಕ್ಕಷ್ಟೇ ಸವಕಳಿ.

ಹಂತ 2: ಐಟಿ ಲೆಕ್ಕ

ಮೆಷಿನ್ ಇಡೀ ವರ್ಷ ಓಡಿದೆ. 60 ಲಕ್ಷದ ಶೇ 15, ಅಂದರೆ 9,00,000. ಮುಂದಿನ ವರ್ಷ ಉಳಿದ 51 ಲಕ್ಷದ ಶೇ 15, ಅಂದರೆ 7,65,000. ಅದರ ಮುಂದಿನ ವರ್ಷ 6,50,250. ತಯಾರಿಕಾ ಕಂಪನಿಗಳಿಗೆ ಸಿಗುವ ಶೇ 20ರ ಹೆಚ್ಚುವರಿ ಸವಕಳಿಯನ್ನು ಇಲ್ಲಿ ಸೇರಿಸಬಾರದು. 115ಬಿಎಎ ಆರಿಸಿಕೊಂಡವರಿಗೆ ಅದು ಇಲ್ಲ.

ಕಂಪ್ಯೂಟರ್ ಜನವರಿಯಲ್ಲಿ ಬಂದದ್ದು, ಮಾರ್ಚ್ 31ಕ್ಕೆ 90 ದಿನ. ಹಾಗಾಗಿ ಮೊದಲ ವರ್ಷ ಶೇ 20, ಅಂದರೆ 1,20,000. ಆಮೇಲೆ ಪೂರ್ತಿ ಶೇ 40. 2023-24ಕ್ಕೆ 4,80,000ದ ಮೇಲೆ 1,92,000. 2024-25ಕ್ಕೆ 2,88,000ದ ಮೇಲೆ 1,15,200.

ಹಂತ 3: ಬಾಕಿ ಬೆಲೆಗಳನ್ನು ಪಕ್ಕಪಕ್ಕ ಇಡಿ

ಎರಡೂ ಆಸ್ತಿ ಸೇರಿಸಿದ ಒಟ್ಟು ಹೀಗೆ ಬರುತ್ತದೆ.

| ಮಾರ್ಚ್ 31 | ಬುಕ್ಸ್ ಬಾಕಿ | ಐಟಿ ಬಾಕಿ | ವ್ಯತ್ಯಾಸ | ಡಿಟಿಎಲ್ (ಶೇ 25.168) |
|---|---|---|---|---|
| 2023 | 61,72,500 | 55,80,000 | 5,92,500 | 1,49,120 |
| 2024 | 56,02,500 | 46,23,000 | 9,79,500 | 2,46,521 |
| 2025 | 50,32,500 | 38,57,550 | 11,74,950 | 2,95,711 |

ಈ ಪಟ್ಟಿಯಲ್ಲಿ ಕಂಪ್ಯೂಟರ್ ಮಾತ್ರ ಬೇರೆ ತೆಗೆದು ನೋಡಿ. 2024ರ ಮಾರ್ಚ್‌ನಲ್ಲಿ ಬುಕ್ಸ್ ಬಾಕಿ 3,62,500, ಐಟಿ ಬಾಕಿ 2,88,000. ಅದು ಡಿಟಿಎಲ್ ಕಡೆ. 2025ರ ಮಾರ್ಚ್‌ಗೆ ಬುಕ್ಸ್ 1,72,500, ಐಟಿ 1,72,800. ಬುಕ್ಸ್ 300 ರೂಪಾಯಿ ಕೆಳಗೆ ಇಳಿಯಿತು, ಆಸ್ತಿ ಡಿಟಿಎ ಕಡೆಗೆ ದಾಟಿತು. ಕಂಪ್ಯೂಟರ್‌ಗಳಲ್ಲಿ ಹೀಗಾಗುವುದು ಸಹಜ. ಬುಕ್ಸ್ ಅದನ್ನು ಮೂರು ವರ್ಷಕ್ಕೆ ಮುಗಿಸುತ್ತದೆ. ಐಟಿ ಪ್ರತಿ ವರ್ಷ ಉಳಿದದ್ದರಲ್ಲಿ ಶೇ 40 ತೆಗೆಯುತ್ತ ಬಾಲದಂತೆ ಎಳೆಯುತ್ತದೆ. ಹಾಗಾಗಿ ಐಟಿ ದರ ದೊಡ್ಡದಿದೆ ಅಂತ ಕಣ್ಣು ಮುಚ್ಚಿ ಡಿಟಿಎಲ್ ಅಂದುಬಿಡಬಾರದು.

ಹಂತ 4: ಎಂಟ್ರಿ ಹಾಕುವುದು

ಪುಸ್ತಕಕ್ಕೆ ಹೋಗಬೇಕಾದದ್ದು ಆ ವರ್ಷದ ಏರಿಕೆ ಅಥವಾ ಇಳಿಕೆ ಮಾತ್ರ. 2022-23ರಲ್ಲಿ ಹಿಂದಿನ ಬಾಕಿ ಇಲ್ಲ, ಪೂರ್ತಿ 1,49,120. 2023-24ರಲ್ಲಿ 2,46,521ರಿಂದ 1,49,120 ಕಳೆದು 97,401. 2024-25ರಲ್ಲಿ 49,190.

```
ಡೆಫರ್ಡ್ ಟ್ಯಾಕ್ಸ್ ಖರ್ಚು (ಲಾಭ-ನಷ್ಟ)   ಡೆಬಿಟ್   97,401
    ಡೆಫರ್ಡ್ ಟ್ಯಾಕ್ಸ್ ಲಯಬಿಲಿಟಿ        ಕ್ರೆಡಿಟ್           97,401
```

ಇಲ್ಲಿ ಆಗುವ ತಪ್ಪು ಒಂದೇ, ಆದರೆ ಪದೇಪದೇ ಆಗುತ್ತದೆ. ಎರಡನೇ ವರ್ಷ ಪೂರ್ತಿ 2,46,521ನ್ನೇ ಖರ್ಚಿಗೆ ಹಾಕುತ್ತಾರೆ. ಆಗ ಬ್ಯಾಲೆನ್ಸ್ ಶೀಟ್‌ನಲ್ಲಿ ಲಯಬಿಲಿಟಿ 3,95,641 ಆಗಿ ನಿಲ್ಲುತ್ತದೆ. ಎಂಟ್ರಿ ಆದ ಮೇಲೆ ಲೆಡ್ಜರ್‌ನ ಬಾಕಿ ಮೇಲಿನ ಪಟ್ಟಿಯ ಕೊನೆಯ ಕಾಲಂಗೆ ಸರಿಹೊಂದಬೇಕು. ಹೊಂದದಿದ್ದರೆ ಅಲ್ಲೇ ನಿಲ್ಲಿ.

ಹಂತ 5: ಲೆಕ್ಕ ಸರಿಯೇ ಅಂತ ಪರೀಕ್ಷಿಸುವುದು

ಈ ಹಂತ ಬಿಟ್ಟರೆ ಉಳಿದ ನಾಲ್ಕರ ಮೇಲೆ ನನಗೆ ನಂಬಿಕೆ ಬರುವುದಿಲ್ಲ. 2022-23ರಲ್ಲಿ ತೆರಿಗೆಗೆ ಮುಂಚಿನ ಲಾಭ 20,00,000 ಅಂತ ಇಟ್ಟುಕೊಳ್ಳಿ. ಬೇರೆ ಯಾವ ಹೊಂದಾಣಿಕೆಯೂ ಇಲ್ಲ.

ಲಾಭಕ್ಕೆ ಬುಕ್ಸ್ ಸವಕಳಿ 4,27,500 ಕೂಡಿಸಿ. ಐಟಿ ಸವಕಳಿ 10,20,000 ಕಳೆಯಿರಿ. ತೆರಿಗೆಗೆ ಒಳಪಡುವ ಆದಾಯ 14,07,500. ಶೇ 25.168ರಂತೆ ಆ ವರ್ಷ ಕಟ್ಟುವ ತೆರಿಗೆ 3,54,240. ಅದಕ್ಕೆ ಡೆಫರ್ಡ್ ಟ್ಯಾಕ್ಸ್ 1,49,120 ಕೂಡಿಸಿದರೆ ಒಟ್ಟು 5,03,360.

ಈಗ ನೇರವಾಗಿ 20,00,000ದ ಶೇ 25.168 ತೆಗೆಯಿರಿ. ಅದೂ 5,03,360.

ಇದು ಆಕಸ್ಮಿಕ ಅಲ್ಲ. ಲಾಭ ಇಷ್ಟಿದ್ದರೆ ಅದಕ್ಕೆ ತಕ್ಕ ತೆರಿಗೆ ಇಷ್ಟೇ ಅಂತ ಓದುವವರಿಗೆ ಕಾಣಬೇಕು, ಅಲ್ವಾ? ಡೆಫರ್ಡ್ ಟ್ಯಾಕ್ಸ್ ಇರುವುದೇ ಅದಕ್ಕೆ. ಸವಕಳಿಯ ವ್ಯತ್ಯಾಸ ಮಾತ್ರ ಇದ್ದ ವರ್ಷದಲ್ಲಿ ಈ ಎರಡು ಸಂಖ್ಯೆ ಒಂದೆರಡು ರೂಪಾಯಿ ಆಚೀಚೆ ಕೂಡಲೇಬೇಕು. ಕೂಡದಿದ್ದರೆ ಎಷ್ಟು ವ್ಯತ್ಯಾಸ ಅಂತ ನೋಡಿ, ಅದನ್ನು 0.25168ರಿಂದ ಭಾಗಿಸಿ. ಬರುವ ಮೊತ್ತವನ್ನು ಆಸ್ತಿ ರಿಜಿಸ್ಟರ್‌ನಲ್ಲಿ ಹುಡುಕಿ. ಹೆಚ್ಚಿನ ಸಲ ಯಾವುದೋ ಒಂದು ಮಾರಾಟದ ನಷ್ಟವೋ, ಬಿಟ್ಟುಹೋದ ಒಂದು ಬಿಲ್ಲೋ ಅದೇ ಮೊತ್ತದಲ್ಲಿ ಸಿಗುತ್ತದೆ.

ಯಾವಾಗ ತಿರುಗುತ್ತದೆ

ಮೆಷಿನ್‌ನ ಡಿಟಿಎಲ್ ಎಲ್ಲಿವರೆಗೆ ಬೆಳೆಯುತ್ತದೆ? ಐಟಿ ಸವಕಳಿ 3,80,000ಕ್ಕಿಂತ ಕೆಳಗೆ ಇಳಿಯುವವರೆಗೆ. ಆರನೇ ವರ್ಷ 2027-28ರಲ್ಲಿ ಅದು ಸುಮಾರು 3,99,335. ಏಳನೇ ವರ್ಷ 3,39,435. ಅಂದರೆ ಹೊಸ ಮೆಷಿನ್ ಕೊಳ್ಳದಿದ್ದರೆ 2028ರ ಮಾರ್ಚ್‌ಗೆ ವ್ಯತ್ಯಾಸ ಸುಮಾರು 14,57,100ಕ್ಕೆ ಏರಿ, ಅಲ್ಲಿಂದ ಕರಗಲು ಶುರುವಾಗುತ್ತದೆ. ಆಮೇಲೆ ಪ್ರತಿ ವರ್ಷದ ಎಂಟ್ರಿ ಉಲ್ಟಾ ಬರುತ್ತದೆ: ಲಯಬಿಲಿಟಿ ಡೆಬಿಟ್, ಡೆಫರ್ಡ್ ಟ್ಯಾಕ್ಸ್ ಖರ್ಚು ಕ್ರೆಡಿಟ್. ಆಗ "ಡಿಟಿಎ ಬಂತು" ಅನ್ನುವವರಿದ್ದಾರೆ. ಅದು ಡಿಟಿಎ ಅಲ್ಲ, ಡಿಟಿಎಲ್ ತೀರುತ್ತಿದೆ ಅಷ್ಟೆ.

ಮೂರು ಪಾಳಿ ಓಡುವ ಕಾರ್ಖಾನೆಯಲ್ಲಿ ಈ ಚಿತ್ರ ಬೇರೆ. ಷೆಡ್ಯೂಲ್ 2ರ ಪ್ರಕಾರ ಎರಡು ಪಾಳಿ ಓಡಿದ ಅವಧಿಗೆ ಸವಕಳಿ ಶೇ 50 ಜಾಸ್ತಿ, ಮೂರು ಪಾಳಿಗೆ ಶೇ 100 ಜಾಸ್ತಿ. ನಿರಂತರ ಓಡುವ ಪ್ಲಾಂಟ್‌ನಂತಹ ಕೆಲವಕ್ಕೆ ಇದು ಅನ್ವಯಿಸುವುದಿಲ್ಲ. ನಮ್ಮ ಮೆಷಿನ್ ವರ್ಷವಿಡೀ ಮೂರು ಪಾಳಿ ಓಡಿದ್ದರೆ ಬುಕ್ಸ್ ಸವಕಳಿ 7,60,000. ಐಟಿಯಲ್ಲಿ ಪಾಳಿ ಲೆಕ್ಕಕ್ಕಿಲ್ಲ, ಅದೇ 9,00,000, 7,65,000, 6,50,250. ಎರಡನೇ ವರ್ಷದ ಕೊನೆಗೇ ವ್ಯತ್ಯಾಸ 1,45,000ಕ್ಕೆ ನಿಂತು, ಮೂರನೇ ವರ್ಷದಿಂದ ಇಳಿಯುತ್ತದೆ. ಕಳೆದ ವರ್ಷದ ಎಕ್ಸೆಲ್ ಹಾಳೆಯನ್ನೇ ಸುಮ್ನೆ ಎಳೆದುಕೊಂಡು ಬಂದರೆ ತಪ್ಪುವುದು ಇಂಥ ಕಡೆ. ಮೊದಲು ಪ್ರೊಡಕ್ಷನ್ ಕಡೆಯವರನ್ನು ಪಾಳಿ ಎಷ್ಟು ಅಂತ ಕೇಳಿ.

ಆಸ್ತಿ ಮಾರಿದಾಗ

ಲೆಕ್ಕ ಕೆಡುವ ದೊಡ್ಡ ಜಾಗ ಇದೇ. ನಾನು ಕಲಿಯುವ ದಿನಗಳಲ್ಲಿ ಮಾರಿದ ಒಂದು ಯಂತ್ರಕ್ಕೆ ಐಟಿಯ ಬಾಕಿ ಬೆಲೆ ಹುಡುಕುತ್ತಾ ಒಂದು ಇಡೀ ಮಧ್ಯಾಹ್ನ ಕಳೆದಿದ್ದೆ. ಅಂಥದ್ದೊಂದು ಬೆಲೆಯೇ ಇರುವುದಿಲ್ಲ. ಬ್ಲಾಕ್‌ಗೆ ಸೇರಿದ ಮೇಲೆ ಆಸ್ತಿ ತನ್ನ ಹೆಸರು ಕಳೆದುಕೊಳ್ಳುತ್ತದೆ. ಬ್ಲಾಕ್‌ನಿಂದ ಕಳೆಯಬೇಕಾದದ್ದು ಮಾರಿ ಬಂದ ಹಣ ಮಾತ್ರ.

ನಮ್ಮ ಕಂಪನಿ 2025ರ ಏಪ್ರಿಲ್ 1ರಂದು ಕಂಪ್ಯೂಟರ್‌ಗಳಲ್ಲಿ ಮೂರನೇ ಒಂದು ಪಾಲು ಮಾರಿತು, 30,000 ಬಂತು. ಬುಕ್ಸ್‌ನಲ್ಲಿ ಆ ಪಾಲಿನ ಬಾಕಿ ಬೆಲೆ 1,72,500ರ ಮೂರನೇ ಒಂದು, ಅಂದರೆ 57,500. ಪೂರ್ತಿ 57,500 ಪುಸ್ತಕದಿಂದ ಹೋಗುತ್ತದೆ, 27,500 ನಷ್ಟ. ಉಳಿದ 1,15,000ಕ್ಕೆ ಡಿಸೆಂಬರ್‌ವರೆಗೆ 95,000 ಸವಕಳಿ. 2026ರ ಮಾರ್ಚ್‌ಗೆ ಉಳಿಯುವುದು ಗುಜರಿ ಬೆಲೆ 20,000.

ಐಟಿಯಲ್ಲಿ ಬ್ಲಾಕ್ 1,72,800. ಅದರಲ್ಲಿ 30,000 ಕಳೆದು 1,42,800. ಶೇ 40ರಂತೆ ಸವಕಳಿ 57,120. ಉಳಿಯುವುದು 85,680. ಕಂಪ್ಯೂಟರ್‌ನಲ್ಲಿ ಬುಕ್ಸ್ ಬಾಕಿ ಐಟಿಗಿಂತ 65,680 ಕಡಿಮೆ.

ಮೆಷಿನ್ ಕಡೆ ಬುಕ್ಸ್ 44,80,000, ಐಟಿ 31,32,037.50. ವ್ಯತ್ಯಾಸ 13,47,962.50. ಕಂಪ್ಯೂಟರ್‌ನ 65,680 ಕಳೆದರೆ ನಿವ್ವಳ 12,82,282.50. ಹಿಂದಿನ ವರ್ಷ 11,74,950 ಇತ್ತು. ಏರಿದ್ದು 1,07,332.50.

ಇದನ್ನೇ ಇನ್ನೊಂದು ದಾರಿಯಲ್ಲಿ ಮಾಡಿ. ಐಟಿ ಸವಕಳಿ 6,09,832.50. ಅದರಿಂದ ಬುಕ್ಸ್ ಸವಕಳಿ 4,75,000 ಕಳೆದರೆ 1,34,832.50. ಹೊಂದಲಿಲ್ಲ. 27,500 ಜಾಸ್ತಿ ಇದೆ. ಅದು ಆ ಮಾರಾಟದ ನಷ್ಟ. ಆ ನಷ್ಟ ಐಟಿಯಲ್ಲಿ ಈಗ ಸಿಗುವುದಿಲ್ಲ, ಲಾಭಕ್ಕೆ ವಾಪಸ್ ಕೂಡಿಸಬೇಕು. ಬ್ಲಾಕ್‌ನಲ್ಲಿ ಉಳಿದ ಹೆಚ್ಚಿನ ಬಾಕಿಯ ಮೂಲಕ ಅದು ನಿಧಾನವಾಗಿ ಸವಕಳಿಯಾಗಿ ಬರುತ್ತದೆ. ಅದನ್ನೂ ಕಳೆದರೆ ಸರಿಯಾಗಿ 1,07,332.50. ಬರೀ ಎರಡು ಸವಕಳಿಗಳ ವ್ಯತ್ಯಾಸಕ್ಕೆ ದರ ಹಾಕುವವರು ತಪ್ಪುವುದು ಇಲ್ಲೇ. ಬಾಕಿ ಬೆಲೆಗಳನ್ನು ಹೋಲಿಸುವವರಿಗೆ ಈ ನಷ್ಟ ತಾನಾಗಿಯೇ ಲೆಕ್ಕಕ್ಕೆ ಸೇರುತ್ತದೆ.

ಬ್ಲಾಕ್‌ನ ಎಲ್ಲ ಆಸ್ತಿಯೂ ಮಾರಿಹೋದರೆ ಮಾತ್ರ ಬೇರೆ ಕತೆ. ಆಗ ಸೆಕ್ಷನ್ 50ರಂತೆ ಉಳಿದ ಮೊತ್ತ ಅಲ್ಪಾವಧಿ ಬಂಡವಾಳ ಲಾಭ ಅಥವಾ ನಷ್ಟ ಆಗುತ್ತದೆ. ಐಟಿ ಬಾಕಿ ಸೊನ್ನೆ, ಮುಂದೆ ಸವಕಳಿ ಇಲ್ಲ.

ಬಾಕಿ ಬೆಲೆ ಹೋಲಿಕೆ ಸುಳ್ಳು ಹೇಳುವ ಜಾಗ

ಮೆಷಿನ್ ಕೂರಿಸುವಾಗ ಕ್ರೇನ್‌ನವರಿಗೆ ಒಂದೇ ದಿನ 50,000 ನಗದು ಕೊಟ್ಟು, ಅದನ್ನು ಮೆಷಿನ್ ಬೆಲೆಗೆ ಸೇರಿಸಿದಿರಿ ಅಂದುಕೊಳ್ಳಿ. ಬುಕ್ಸ್‌ಗೆ ಅದು ಬೆಲೆಯೇ. ಆದರೆ ಸೆಕ್ಷನ್ 43(1)ರ ಪ್ರಕಾರ ಒಬ್ಬರಿಗೆ ಒಂದು ದಿನದಲ್ಲಿ 10,000 ದಾಟಿ ನಗದು ಕೊಟ್ಟರೆ ಆ ಮೊತ್ತ ಆಸ್ತಿಯ ಬೆಲೆಗೆ ಸೇರುವುದಿಲ್ಲ. ಈ 50,000ಕ್ಕೆ ಐಟಿ ಸವಕಳಿ ಇವತ್ತೂ ಇಲ್ಲ, ನಾಳೆಯೂ ಇಲ್ಲ. ಎಎಸ್ 22ರ ಮಾತಲ್ಲಿ ಇದು ಶಾಶ್ವತ ವ್ಯತ್ಯಾಸ. ಇದಕ್ಕೆ ಡೆಫರ್ಡ್ ಟ್ಯಾಕ್ಸ್ ಕಟ್ಟಬಾರದು. ಸುಮ್ನೆ ಬಾಕಿ ಬೆಲೆ ಹೋಲಿಸಿದರೆ ಇಲ್ಲದ ಡಿಟಿಎಲ್ ಹುಟ್ಟುತ್ತದೆ.

ಇಂಥದ್ದಕ್ಕೆ ರಿಜಿಸ್ಟರ್‌ನಲ್ಲಿ ಪ್ರತ್ಯೇಕ ಸಾಲು ತೆರೆಯಿರಿ. ಬುಕ್ಸ್ ಬಾಕಿಯಿಂದ ಆ ಸಾಲಿನ ಬಾಕಿಯನ್ನು ಕಳೆದು ಆಮೇಲೆ ಹೋಲಿಸಿ. ಎಎಸ್ 22ರಲ್ಲಿ ಆಸ್ತಿಯ ಮರುಮೌಲ್ಯಮಾಪನಕ್ಕೂ ಇದೇ ದಾರಿ: ಏರಿಸಿದ ಪಾಲನ್ನು ಹೊರಗಿಟ್ಟು ಹೋಲಿಸಬೇಕು. ಇಂಡ್ ಎಎಸ್ 12 ಅನ್ವಯಿಸುವ ಕಂಪನಿಯಲ್ಲಿ ಮರುಮೌಲ್ಯಮಾಪನಕ್ಕೆ ಡೆಫರ್ಡ್ ಟ್ಯಾಕ್ಸ್ ಬರುತ್ತದೆ. ಹಾಗಾಗಿ ಯಾವ ಮಾನದಂಡ ಅನ್ನುವುದು ಮೊದಲೇ ಗೊತ್ತಿರಬೇಕು.

ದರ ಬದಲಾದ ವರ್ಷ

ಇದೇ ಕಂಪನಿ 2022-23ರಲ್ಲಿ ಹಳೆಯ ಪದ್ಧತಿಯಲ್ಲಿ ಶೇ 25 ತೆರಿಗೆ, ಸೆಸ್ ಸೇರಿ ಶೇ 26ರಲ್ಲಿ ಇತ್ತು, ಹೆಚ್ಚುವರಿ ಸವಕಳಿಯನ್ನೂ ತೆಗೆದುಕೊಂಡಿರಲಿಲ್ಲ ಅಂದುಕೊಳ್ಳಿ. ಆಗ 5,92,500ರ ಮೇಲೆ ಡಿಟಿಎಲ್ 1,54,050. 2023-24ರಲ್ಲಿ 115ಬಿಎಎಗೆ ಬಂದರೆ ಹಳೆಯ ಬಾಕಿಯನ್ನೂ ಹೊಸ ದರಕ್ಕೆ ತರಬೇಕು. ಅದು 1,49,120 ಆಗುತ್ತದೆ. ಇಳಿದ 4,930 ಆ ವರ್ಷದ ಡೆಫರ್ಡ್ ಟ್ಯಾಕ್ಸ್ ಖರ್ಚನ್ನು ಕಡಿಮೆ ಮಾಡುತ್ತದೆ. ಹಂತ 5ರ ಪರೀಕ್ಷೆ ಆ ವರ್ಷ ಸರಿಯಾಗಿ 4,930ರಷ್ಟು ತಪ್ಪುತ್ತದೆ. ಕಾರಣ ಗೊತ್ತಿದ್ದರೆ ಗಾಬರಿ ಬೇಕಿಲ್ಲ. ಹಿಡಿಯಬೇಕಾದ ದರ ಬ್ಯಾಲೆನ್ಸ್ ಶೀಟ್ ದಿನಕ್ಕೆ ಜಾರಿಗೆ ಬಂದದ್ದು, ಅಥವಾ ಬರುವುದು ಹೆಚ್ಚುಕಡಿಮೆ ಖಚಿತವಾದದ್ದು.

ಡಿಟಿಎ ಬಂದರೆ ಕೈ ತಡೆದು ಬರೆಯಿರಿ

ಡಿಟಿಎಲ್ ಅನ್ನು ಬರೆಯಲೇಬೇಕು. ಡಿಟಿಎ ಹಾಗಲ್ಲ. ಮುಂದೆ ಅದನ್ನು ಬಳಸಿಕೊಳ್ಳುವಷ್ಟು ಆದಾಯ ಬರುತ್ತದೆ ಅನ್ನುವ ಸಮಂಜಸ ಖಾತ್ರಿ ಇರಬೇಕು ಅಂತ ಎಎಸ್ 22 ಹೇಳುತ್ತದೆ. ಕಂಪನಿಗೆ ಮುಂದಕ್ಕೆ ಒಯ್ದ ನಷ್ಟ ಅಥವಾ ಹೀರಿಕೊಳ್ಳದ ಸವಕಳಿ ಇದ್ದರೆ ಅಳತೆ ಇನ್ನೂ ಗಟ್ಟಿ: ಬಹುತೇಕ ಪೂರ್ಣ ಖಾತ್ರಿ, ಅದಕ್ಕೆ ನಂಬುವಂಥ ಪುರಾವೆ. ಕೈಯಲ್ಲಿರುವ ಖಚಿತ ಆರ್ಡರ್ ಪುರಾವೆ ಆಗಬಹುದು. ಮುಂದಿನ ಐದು ವರ್ಷದ ಅಂದಾಜು ಪಟ್ಟಿ ಮಾತ್ರ ತೋರಿಸಿದರೆ ಆಡಿಟರ್ ಒಪ್ಪುವುದಿಲ್ಲ, ಒಪ್ಪಲೂಬಾರದು. ನಮ್ಮ ಕಂಪನಿ ಲಾಭದಲ್ಲಿದೆ. ಮೆಷಿನ್‌ನ ಡಿಟಿಎಲ್ ಕೂಡ ಮುಂದೆ ತೀರುವಾಗ ತೆರಿಗೆಯ ಆದಾಯವಾಗಿ ಬರುತ್ತದೆ. ಹಾಗಾಗಿ ಕಂಪ್ಯೂಟರ್‌ನ ಡಿಟಿಎಗೆ ತೊಂದರೆ ಇಲ್ಲ.

ಬ್ಯಾಲೆನ್ಸ್ ಶೀಟ್‌ನಲ್ಲಿ

ಷೆಡ್ಯೂಲ್ 3ರಲ್ಲಿ ಇದಕ್ಕೆ ನಾನ್ ಕರೆಂಟ್ ಲಯಬಿಲಿಟಿಗಳ ಕೆಳಗೆ ನಿವ್ವಳ ಡೆಫರ್ಡ್ ಟ್ಯಾಕ್ಸ್ ಅನ್ನುವ ಒಂದು ಸಾಲು ಇದೆ. ಮುಂದಿನ ವರ್ಷ ಕೆಲವು ಸಾವಿರ ತೀರುತ್ತದೆ ಅಂತ ಕರೆಂಟ್ ಕಡೆಗೆ ಹಾಕುವಂತಿಲ್ಲ. ಒಳಗಿನ ವಿವರ ನೋಟ್ಸ್‌ನಲ್ಲಿ ಬರುತ್ತದೆ. 2026ರ ಮಾರ್ಚ್ 31ಕ್ಕೆ ನಮ್ಮ ಕಂಪನಿಯ ನೋಟ್ ಇಷ್ಟು: ಮೆಷಿನ್‌ನಿಂದ ಡಿಟಿಎಲ್ 3,39,255. ಕಂಪ್ಯೂಟರ್‌ನಿಂದ ಡಿಟಿಎ 16,530. ನಿವ್ವಳ ಡಿಟಿಎಲ್ 3,22,725. ಹಿಂದಿನ ವರ್ಷದ 2,95,711 ಕಳೆದು ಲಾಭ-ನಷ್ಟಕ್ಕೆ ಹೋಗುವುದು 27,014.